ಕತ್ತರಿಸಿ ಹೋದ ಸಾಲು

ಜಯನಗರದ ಆ ಸ್ಕ್ಯಾನಿಂಗ್ ಸೆಂಟರ್ ಇರುವುದು ಬೇಸ್‌ಮೆಂಟಿನಲ್ಲಿ. ಇಳಿಯಲು ಹದಿನೆಂಟು ಮೆಟ್ಟಿಲು. ಹನ್ನೆರಡನೆಯ ಮೆಟ್ಟಿಲಿಗೇ ಮೊಬೈಲಿನ ನೆಟ್‌ವರ್ಕ್ ಕೈಕೊಡುತ್ತದೆ. ಅಲ್ಲಿಂದ ಕೆಳಗೆ ಇರುವವರು ಭೂಮಿಯ ಮೇಲೆ ಇದ್ದಾರೋ ಇಲ್ಲವೋ ಎಂದು ಯಾವ ಕಂಪನಿಯೂ ಕೇಳುವುದಿಲ್ಲ. ಒಂಬತ್ತು ತಿಂಗಳಿಂದ ಮೌನೇಶ ದಿನಕ್ಕೆ ಎಂಟು ಗಂಟೆ ಅಲ್ಲೇ ಕೂರುತ್ತಿದ್ದ.

ಲಿಂಗಸುಗೂರು ಕಡೆಯ ಹುಡುಗ. ಮೊದಲ ವಾರ ‘ಏನ್ರಿ, ಹೆಸರೇನ್ರಿ’ ಎಂದಾಗ ಯಾರೋ ನಕ್ಕರು, ಅಷ್ಟೇ. ಅಂದಿನಿಂದ ಊರಿನ ಮಾತನ್ನು ಮಡಚಿಟ್ಟು ‘ಸಾರ್, ಮೇಡಂ, ಐಡಿ ಪ್ರೂಫ್ ಕೊಡಿ’ ಎನ್ನುವಷ್ಟಕ್ಕೆ ಬಾಯಿ ತೆರೆಯುತ್ತಿದ್ದ. ಸಂಜೆ ಬಿಟಿಎಂ ಬಡಾವಣೆಯ ತನ್ನ ಬಾಡಿಗೆ ಕೋಣೆಗೆ ಹೋದರೆ ಅಲ್ಲಿ ಅದೂ ಬೇಕಾಗಿರಲಿಲ್ಲ. ನಾಲ್ಕು ದಿನ ಯಾರ ಬಾಯಲ್ಲೂ ತನ್ನ ಹೆಸರು ಕೇಳದೆ ಕಳೆದದ್ದು ಉಂಟು. ಅದರ ಬಗ್ಗೆ ಅವನಿಗೆ ಬೇಜಾರಿತ್ತು, ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿಬಿಟ್ಟರು. ಬೆಂಗಳೂರಿನಲ್ಲಿ ರಸ್ತೆ ಎಂದರೆ ಅಗೆಯುವುದಕ್ಕೇ ಹಾಕುವುದು, ಇದರಲ್ಲಿ ಹೊಸತೇನಿಲ್ಲ. ಆದರೆ ಕೌಂಟರಿನ ಕಂಪ್ಯೂಟರು ನೆಟ್ ಇಲ್ಲದಿದ್ದರೆ ಬರೀ ಪೆಟ್ಟಿಗೆ. ಒಪ್ಪಿಗೆ ಪತ್ರ ತೆರೆದುಕೊಳ್ಳುವುದು ಹೆಡ್ ಆಫೀಸಿನ ಸರ್ವರಿನಿಂದ. ಕೈಯಲ್ಲಿ ಬರೆದ ಪತ್ರ ನಡೆಯುವುದಿಲ್ಲ. ಸಹಿ ಬಿದ್ದ ಒಪ್ಪಿಗೆ ಪತ್ರ ಕೈಗೆ ಬರದೆ ಒಳಗಿನ ಟೆಕ್ನೀಷಿಯನ್ ಆಶ್ರಿತ್ ಯಾರನ್ನೂ ಯಂತ್ರದ ಮೇಲೆ ಮಲಗಿಸುವುದಿಲ್ಲ.

ಹತ್ತು ಗಂಟೆಯ ಸ್ಲಾಟಿನವರು ಒಂಬತ್ತೂವರೆಗೇ ಬಂದರು. ಅವರನ್ನು ನೋಡಿದ್ದೇ ಮೌನೇಶನ ಮುಖ ಇಳಿಯಿತು. ಸೀತಾಲಕ್ಷ್ಮಿ, ಅರವತ್ತಾರು ವರ್ಷ. ಹೋದ ಭಾನುವಾರ ಇದೇ ಕೌಂಟರಿನಿಂದ ಅವರನ್ನು ವಾಪಸ್ ಕಳಿಸಿದವನು ಅವನೇ. ಒಪ್ಪಿಗೆ ಪತ್ರದ ಕೊನೆಯಲ್ಲಿ ‘ಜೊತೆಗೆ ಬಂದವರ ಹೆಸರು, ಸಂಬಂಧ, ಸಹಿ’ ಎಂಬ ಸಾಲಿದೆ. ಅದು ಖಾಲಿ ಇದ್ದರೆ ಸ್ಕ್ಯಾನ್ ಇಲ್ಲ. ಅವರ ಜೊತೆ ಯಾರೂ ಬಂದಿರಲಿಲ್ಲ.

ಇವತ್ತೂ ಒಬ್ಬರೇ ಬಂದಿದ್ದರು.

“ಪಕ್ಕದ ಮನೆಯವರು ಬರ್ತೀನಿ ಅಂದಿದ್ರು,” ಎಂದರು. “ಬೆಳಿಗ್ಗೆ ಅವರ ಮನೆಗೆ ಬೀಗ. ಮರೆತಿರಬೇಕು, ಪಾಪ.”

ಆ ‘ಪಾಪ’ ಯಾರಿಗೆ ಸೇರಿದ್ದೆಂದು ಮೌನೇಶನಿಗೆ ತಿಳಿಯಲಿಲ್ಲ. ಸೀತಾಲಕ್ಷ್ಮಿಯವರ ಎಡಗೈಯ ಬೆರಳುಗಳು ಒಂದು ತಿಂಗಳಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ತಲೆಯ ಸ್ಕ್ಯಾನ್ ತೆಗೆದುಕೊಂಡು ಸೋಮವಾರ ಬನ್ನಿ, ಇನ್ನು ತಡಮಾಡಬೇಡಿ ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಇವತ್ತು ತಪ್ಪಿದರೆ ಮುಂದಿನ ಸ್ಲಾಟು ಹನ್ನೆರಡು ದಿನದ ಮೇಲೆ.

“ಮೇಡಂ, ಇವತ್ತು ಇನ್ನೊಂದು ತೊಂದರೆ. ನೆಟ್ ಇಲ್ಲ, ಫಾರಂ ಪ್ರಿಂಟ್ ಆಗ್ತಿಲ್ಲ.”

“ಹಾಗಾದ್ರೆ ಇವತ್ತೂ ಆಗಲ್ಲ ಅಂತೀರಾ?”

ಅವರು ಕೋಪದಿಂದ ಕೇಳಿದ್ದರೆ ಮೌನೇಶ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದ. ಆದರೆ ‘ಆಗಲ್ಲ’ ಎನ್ನುವ ಮಾತು ಆ ಹೆಂಗಸಿಗೆ ರೂಢಿಯಾಗಿಹೋಗಿದೆ ಎಂಬಂತೆ ಕೇಳಿದರು. ಅವನಿಗೆ ನಾಚಿಕೆಯಾಯಿತು.

“ತಡೀರಿ ಮೇಡಂ. ನೋಡೂಣು,” ಎಂದ. ಮಡಚಿಟ್ಟ ಮಾತು ತಾನಾಗಿಯೇ ಹೊರಬಂದಿತ್ತು.

ಮೆಟ್ಟಿಲು ಹತ್ತಿ ಬೀದಿಗೆ ಓಡಿದ. ಭಾನುವಾರವಾದ್ದರಿಂದ ಆ ಸಾಲಿನ ಎರಡೂ ಜೆರಾಕ್ಸ್ ಅಂಗಡಿಗಳು ಮುಚ್ಚಿದ್ದವು. ಸಿಗ್ನಲ್ ಬಂದ ಜಾಗದಲ್ಲಿ ನಿಂತು ಹೆಡ್ ಆಫೀಸಿಗೆ ಫೋನ್ ಮಾಡಿ, ಸೀತಾಲಕ್ಷ್ಮಿಯವರ ಒಪ್ಪಿಗೆ ಪತ್ರವನ್ನು ಪಿಡಿಎಫ್ ಮಾಡಿಸಿ ವಾಟ್ಸಾಪಿಗೆ ತರಿಸಿಕೊಂಡ. ಅದನ್ನು ಫೋನಿಗೆ ಇಳಿಸಿಕೊಂಡು ಕೆಳಗೆ ಬಂದ. ಈಗ ಪತ್ರ ಜೇಬಿನಲ್ಲಿದೆ, ಪ್ರಿಂಟರು ಎದುರಿಗಿದೆ, ನಡುವೆ ದಾರಿಯಿಲ್ಲ. ಪ್ರಿಂಟರು ಹಳೆಯದು, ವೈಫೈ ಇಲ್ಲದ್ದು. ಕಂಪ್ಯೂಟರಿಗೆ ಪೆನ್‌ಡ್ರೈವ್ ಆಗಲಿ ಫೋನ್ ಆಗಲಿ ಸಿಕ್ಕಿಸಿದರೆ ಅದು ಕಣ್ಣೆತ್ತಿಯೂ ನೋಡದು. ವೈರಸ್ಸಿನ ಭಯಕ್ಕೆ ಹೆಡ್ ಆಫೀಸಿನವರು ಬೀಗ ಹಾಕಿದ್ದಾರೆ.

ಆದರೆ ಮೌನೇಶ ಈ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ಸಾರಕ್ಕಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದವನು. ಬ್ಯಾಗಿನ ಮೂಲೆಯಲ್ಲಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಓಟಿಜಿ ಎಂಬ ಕನೆಕ್ಟರ್ ಇತ್ತು. ಒಂದು ತುದಿ ಫೋನಿನ ಚಾರ್ಜಿಂಗ್ ತೂತಿಗೆ, ಇನ್ನೊಂದು ತುದಿ ಸಾಮಾನ್ಯ ಯುಎಸ್‌ಬಿ ವೈರಿಗೆ. ಪ್ರಿಂಟರಿನಿಂದ ಕಂಪ್ಯೂಟರಿಗೆ ಹೋಗುವ ವೈರನ್ನು ಕಂಪ್ಯೂಟರಿನ ಕಡೆ ಕಿತ್ತು ಓಟಿಜಿಗೆ ಸಿಕ್ಕಿಸಿ, ಓಟಿಜಿಯನ್ನು ಫೋನಿಗೆ ಸಿಕ್ಕಿಸಿದ. ಅಂಗಡಿಯ ಕಾಲದ ಪ್ರಿಂಟ್ ಆ್ಯಪ್ ಫೋನಿನಲ್ಲೇ ಇತ್ತು. ಅಲ್ಲಿದ್ದದ್ದೂ ಇದೇ ಕಂಪನಿಯ ಇದೇ ಮಾಡೆಲ್ ಆದ್ದರಿಂದ ಡ್ರೈವರನ್ನು ಆಗಲೇ ಇಳಿಸಿಕೊಂಡಿದ್ದ. ಇಲ್ಲದಿದ್ದರೆ ಅದಕ್ಕೂ ನೆಟ್ ಬೇಕಾಗುತ್ತಿತ್ತು.

ಆ್ಯಪ್ ತೆರೆದ. ‘ಪ್ರಿಂಟರ್ ಸಿಗುತ್ತಿಲ್ಲ.’ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಸಿಗಲಿಲ್ಲ. ಗಡಿಯಾರದಲ್ಲಿ ಹತ್ತಕ್ಕೆ ಇನ್ನು ಏಳೇ ನಿಮಿಷ ಬಾಕಿ. ಸೀತಾಲಕ್ಷ್ಮಿ ಕೌಂಟರಿನ ಆಚೆ ನಿಂತು ಅವನ ಕೈಗಳನ್ನೇ ನೋಡುತ್ತಿದ್ದರು. ಅವನು ವೈರಿನ ಎರಡೂ ತುದಿಗಳನ್ನು ಇನ್ನೊಮ್ಮೆ ಒತ್ತಿ ನೋಡಿದ.

ಆಮೇಲೆ ನೆನಪಾಯಿತು. ಅವನ ಫೋನು ಶುದ್ಧ ಸೋಮಾರಿ. ಓಟಿಜಿ ಎಂಬುದನ್ನು ಸೆಟ್ಟಿಂಗಿನಲ್ಲಿ ನಾವೇ ಎಬ್ಬಿಸಬೇಕು. ಹತ್ತು ನಿಮಿಷ ಕೆಲಸ ಕೊಡದಿದ್ದರೆ ಅದು ತಾನಾಗಿ ಮತ್ತೆ ಮಲಗಿಬಿಡುತ್ತದೆ. ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಎಬ್ಬಿಸುತ್ತಿದ್ದವನಿಗೆ ಒಂಬತ್ತು ತಿಂಗಳಲ್ಲಿ ಮರೆತೇಹೋಗಿತ್ತು. ಸೆಟ್ಟಿಂಗಿಗೆ ಹೋಗಿ ಆನ್ ಮಾಡಿದ. ‘ಈ ಯುಎಸ್‌ಬಿ ಸಾಧನ ಬಳಸಲು ಆ್ಯಪ್‌ಗೆ ಅನುಮತಿ ಕೊಡಬೇಕೆ’ ಎಂದು ಫೋನು ಕೇಳಿತು. ಕೊಟ್ಟ. ಪ್ರಿಂಟರಿನ ಹೆಸರು ಪರದೆಯ ಮೇಲೆ ಬಂತು. ಪ್ರಿಂಟ್ ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಒಳಗೆಲ್ಲೋ ಚಕ್ರ ತಿರುಗಿತು, ಬಿಸಿ ಕಾಗದ ಹೊರಗೆ ಜಾರಿತು.

“ಬಂತು ನೋಡ್ರಿ,” ಎಂದ. ಖುಷಿಯಿಂದ ಅವನ ದನಿ ಸ್ವಲ್ಪ ದೊಡ್ಡದಾಯಿತು.

ಸೀತಾಲಕ್ಷ್ಮಿ ಕನ್ನಡಕ ಏರಿಸಿ ಓದತೊಡಗಿದರು. ಓದುತ್ತ ಓದುತ್ತ ಬಲಗೈಯಿಂದ ತುಂಬಿದರು. ಹೃದಯಕ್ಕೆ ಪೇಸ್‌ಮೇಕರ್ ಇದೆಯೇ? ಇಲ್ಲ. ಮೈಯಲ್ಲಿ ಲೋಹವೇನಾದರೂ? ಇಲ್ಲ. ಕೆಳಗಿನವರೆಗೆ ಬಂದು ಸಹಿ ಹಾಕಿ, ಪೆನ್ನು ಎತ್ತಿ, ಹಾಗೇ ನಿಂತರು.

“ಕೆಳಗೆ ಒಂದು ಸಾಲು ಇಲ್ಲ,” ಎಂದರು.

ಮೌನೇಶ ಬಗ್ಗಿ ನೋಡಿದ. ನಿಜ. ಆ ಸಾಲು ಇರಲಿಲ್ಲ. ಪತ್ರ ಮಾಡಿದವರು ಅದನ್ನು ಪುಟದ ಅಡಿಯ ಅಂಚಿಗೆ ತುರುಕಿದ್ದರು. ಆ್ಯಪಿನಲ್ಲಿ ಕಾಗದದ ಅಳತೆ ಎ-ಫೋರ್ ಬದಲು ‘ಲೆಟರ್’ ಎಂದಿತ್ತು. ಅಂಗಡಿಯ ಕೊನೆಯ ದಿನ ಯಾರದೋ ಅರ್ಜಿಯನ್ನು ಅಮೆರಿಕದ ಈ ಅಳತೆಯಲ್ಲಿ ಪ್ರಿಂಟ್ ತೆಗೆದಿದ್ದ, ಆ ಸೆಟ್ಟಿಂಗ್ ಹಾಗೇ ಉಳಿದಿತ್ತು. ಲೆಟರ್ ಎ-ಫೋರ್‌ಗಿಂತ ಒಂದು ಬೆರಳಗಲದಷ್ಟು ಗಿಡ್ಡ. ಆ ಬೆರಳಷ್ಟರಲ್ಲೇ ‘ಜೊತೆಗೆ ಬಂದವರು’ ಕತ್ತರಿಸಿ ಹೋಗಿದ್ದರು.

ಅವನಿಗೆ ಹೊಳೆಯಿತು. ಸಾಲೇ ಇಲ್ಲದಿದ್ದರೆ ಖಾಲಿ ಇದೆ ಎನ್ನುವವರು ಯಾರು? ಆಶ್ರಿತ್ ಸಹಿ ನೋಡುತ್ತಾನೆ, ಫೈಲಿಗೆ ಹಾಕುತ್ತಾನೆ, ಮುಗಿಯಿತು. ಅವನು ದನಿ ತಗ್ಗಿಸಿದ. “ಮೇಡಂ, ಅದು ಹೋದ್ರೆ ಒಳ್ಳೇದೇ ಆತು. ಹೀಗೇ ಕೊಟ್ಟುಬಿಡ್ರಿ.”

ಸೀತಾಲಕ್ಷ್ಮಿ ಕಾಗದವನ್ನು ಕೌಂಟರಿನ ಮೇಲಿಟ್ಟರು.

“ನಾನು ಮೂವತ್ತೊಂದು ವರ್ಷ ಸ್ಕೂಲ್ ಆಫೀಸಿನಲ್ಲಿದ್ದೆ. ಅಡ್ಮಿಷನ್ ಫಾರಂ ನೋಡೋದೇ ಕೆಲಸ. ತಂದೆ ಹೆಸರಿನ ಜಾಗ ಖಾಲಿ ಬಿಟ್ಟು ಬಂದ ತಾಯಂದಿರನ್ನ ಎಷ್ಟು ಜನಾನ ವಾಪಸ್ ಕಳಿಸಿದೀನೋ. ತುಂಬಿಸ್ಕೊಂಡು ಬನ್ನಿ ಅಂತಿದ್ದೆ. ಎಲ್ಲಿಂದ ತುಂಬಿಸ್ಕೊಂಡು ಬರ್ತಾರೆ ಅಂತ ಒಂದಿನಾನೂ ಯೋಚನೆ ಮಾಡಿರಲಿಲ್ಲ.” ಕಾಗದದ ಅಡಿಯ ಅಂಚನ್ನು ಬೆರಳಿಂದ ಮುಟ್ಟಿ, “ಹೋದ ವಾರ ಆ ಸಾಲನ್ನ ಅರ್ಧ ಗಂಟೆ ನೋಡ್ತಾ ಕೂತಿದ್ದೆ. ಅದು ಇಲ್ಲಿ ಇಲ್ಲದಿದ್ದ ಮಾತ್ರಕ್ಕೆ ನನ್ನ ಜೊತೆ ಯಾರೋ ಬಂದ ಹಾಗಾಗಲ್ವಲ್ಲ. ಪೂರ್ತಿ ಪ್ರಿಂಟ್ ಕೊಡಿ,” ಎಂದರು.

“ಪೂರ್ತಿ ಕೊಟ್ರೆ ಸ್ಕ್ಯಾನ್ ಆಗೂದಿಲ್ರಿ.”

“ಆಗದಿದ್ರೆ ಹೋಗ್ತೀನಿ. ಕಳ್ಳದಾರಿ ಬೇಡ.”

ಮೌನೇಶನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳುವುದು ಕಷ್ಟ. ಪಕ್ಕದ ಮನೆಯ ಬೀಗದ ಮೇಲೆ, ಆ ಸಾಲನ್ನು ಬರೆದವರ ಮೇಲೆ, ಹೋದ ಭಾನುವಾರ ‘ರೂಲ್ಸ್ ಮೇಡಂ’ ಎಂದ ತನ್ನ ಬಾಯಿಯ ಮೇಲೆ. ಕಾಗದದ ಅಳತೆಯನ್ನು ಎ-ಫೋರ್ ಮಾಡಿ ಮತ್ತೆ ಪ್ರಿಂಟ್ ಒತ್ತಿದ. ಈ ಸಲ ಸಾಲು ಸರಿಯಾಗಿ ಬಂತು. ಅವರು ಎಲ್ಲವನ್ನೂ ಮತ್ತೆ ತುಂಬಿ ಸಹಿ ಹಾಕಿ ಪೆನ್ನು ಕೆಳಗಿಡುವಾಗ ಮೌನೇಶ ಕೌಂಟರಿನ ಬಾಗಿಲು ತೆಗೆದು ಈಚೆಗೆ ಬಂದು ನಿಂತ.

“ನಾ ಹಾಕ್ತೀನ್ರಿ ಸಹಿ. ನನ್ನ ಹೆಸರು ಬರೀರಿ.”

ಅವರು ಅವನ ಮುಖವನ್ನು ನೋಡಿದರು. ಬೇಡ ಎನ್ನುತ್ತಾರೆ ಎಂದುಕೊಂಡ. ಅವರು ಪೆನ್ನು ತೆಗೆದುಕೊಂಡರು. “ಹೆಸರೇನಪ್ಪ?”

“ಮೌನೇಶ.”

ಬರೆದರು. ‘ಸಂಬಂಧ’ ಎಂಬಲ್ಲಿ ಪೆನ್ನು ನಿಂತಿತು. ಮಗ ಎಂದು ಬರೆದರೆ ಸುಳ್ಳು, ಸಿಬ್ಬಂದಿ ಎಂದು ಬರೆದರೆ ಆಶ್ರಿತ್ ವಾಪಸ್ ಕಳಿಸುತ್ತಾನೆ. ಒಂದು ನಿಮಿಷ ಯೋಚಿಸಿ ಅವರು ದುಂಡಗೆ ಬರೆದರು: ‘ಪರಿಚಯದವರು’.

“ಪರಿಚಯ ಆಯ್ತಲ್ಲ ಈಗ,” ಎಂದರು. ಮೌನೇಶ ಅದರ ಪಕ್ಕದಲ್ಲಿ ಸಹಿ ಹಾಕಿದ.

ಆಶ್ರಿತ್ ಕಾಗದ ನೋಡಿದ, ಮೌನೇಶನನ್ನು ನೋಡಿದ, ಮತ್ತೆ ಕಾಗದ ನೋಡಿದ. “ಇದೇನು ಗುರು?” ಎಂದ. ಮೌನೇಶ ತುಂಬಿದ ಸಾಲಿನ ಮೇಲೆ ಬೆರಳಿಟ್ಟ. ಆಶ್ರಿತ್ ಕೆಟ್ಟವನಲ್ಲ, ಎಲ್ಲ ಸಾಲೂ ತುಂಬಿತ್ತು. “ಲೋಹ ಏನಿದ್ರೂ ಜೊತೆಗೆ ಬಂದವರ ಕೈಗೆ ಕೊಟ್ಟು ಬನ್ನಿ ಆಂಟಿ,” ಎಂದು ಒಳಗೆ ಹೋದ.

ಸೀತಾಲಕ್ಷ್ಮಿ ವಾಚು ಬಿಚ್ಚಿದರು, ಎರಡು ಬಳೆ ತೆಗೆದರು, ಕನ್ನಡಕ, ಫೋನು, ಕೊನೆಗೆ ಮನೆಯ ಬೀಗದ ಕೈ. ಎಲ್ಲವನ್ನೂ ಅವನ ಬೊಗಸೆಗೆ ಹಾಕಿದರು. ಬಾಗಿಲು ಮುಚ್ಚಿಕೊಂಡಿತು. ಯಂತ್ರ ಒಳಗೆ ಬಡಿಯಲು ಶುರುಮಾಡಿತು. ಮೌನೇಶ ಕೌಂಟರಿಗೆ ಹೋಗಲಿಲ್ಲ. ಜೊತೆಗೆ ಬಂದವರು ಕೂರುವ ಬೆಂಚಿನ ಮೇಲೆ ಕೂತ. ಒಂಬತ್ತು ತಿಂಗಳು ಅದನ್ನು ಎದುರಿನಿಂದ ನೋಡಿದ್ದ, ಕೂತಿರಲಿಲ್ಲ. ಇದೇ ಕಾಗದ ತನ್ನದಾಗಿದ್ದರೆ ಆ ಸಾಲಿನಲ್ಲಿ ಯಾರ ಹೆಸರು ಎಂದು ಲೆಕ್ಕ ಹಾಕಿದ. ರೂಮಿನ ಓನರು, ನೀರಿನ ಕ್ಯಾನಿನವನು, ಅಲ್ಲಿಗೆ ಪಟ್ಟಿ ಮುಗಿಯಿತು. ಅವನ ಕಣ್ಣು ತುಂಬಿತು, ಒರೆಸಿಕೊಳ್ಳೋಣವೆಂದರೆ ಕೈಗಳಲ್ಲಿ ಸಾಮಾನಿತ್ತು.

ನಲವತ್ತು ನಿಮಿಷದ ಮೇಲೆ ಅವರು ಹೊರಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ವಾಚು ಕಟ್ಟಿಕೊಳ್ಳಲು ಎಡಗೈ ಸಹಕರಿಸಲಿಲ್ಲ. ಅವನೇ ಕಟ್ಟಿದ. ಬೀಗದ ಕೈಯನ್ನು ಬಲಗೈಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಅವರು ಕೇಳಿದರು.

“ಇಲ್ಲಿ ನಿಮ್ಮೋರು ಯಾರಿದಾರಪ್ಪ?”

“ಯಾರೂ ಇಲ್ರಿ.”

“ನಂಬರ್ ಬರ್ಕೋ. ನಿನಗೂ ಒಂದಿನ ಇಂಥ ಕಾಗದ ತುಂಬೋದು ಬರುತ್ತೆ, ನಾನು ಬಂದು ಕೂತ್ಕೋತೀನಿ.”

ಅವನು ಕೌಂಟರಿನ ಮೇಲೆ ಹಾಗೇ ಉಳಿದಿದ್ದ ತನ್ನ ಫೋನಿನಿಂದ ಓಟಿಜಿ ಕಿತ್ತು, ಅವರು ಹೇಳಿದ ಹತ್ತೂ ಅಂಕೆಗಳನ್ನು ಒತ್ತಿದ. “ಏನಂತ ಸೇವ್ ಮಾಡ್ಲಿ ಮೇಡಂ?”

“ಅದನ್ನ ಈಗಲೇ ಹೇಳೋಕ್ಕಾಗಲ್ಲ,” ಎಂದರು ಸೀತಾಲಕ್ಷ್ಮಿ. “ನಾಳೆ ಸೋಮವಾರ, ಡಾಕ್ಟರ ಹತ್ರ ಹೋಗಬೇಕು. ಅಲ್ಲೂ ಜೊತೆಗೆ ಯಾರು ಅಂತ ಕೇಳ್ತಾರೆ. ನಿನಗೆ ರಜೆ ಸಿಗುತ್ತಾ?”