ಕೈಗೆ ಬಾರದ ಬಡ್ಡಿ

ಆಟೋ ಮಾರಿಬಿಟ್ಟೆ ಎಂದು ಚೆಲುವಣ್ಣ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕನಿಕರ ಬಂದದ್ದು ಆಮೇಲೆ. ಆರು ವರ್ಷದಿಂದ ನನ್ನ ಮಗಳು ನಿಶ್ಚಿತಾಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದ ಮನುಷ್ಯ. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ, ಬುಧವಾರ ಫೋನ್ ಎತ್ತಿ, ಬೇರೆ ಆಟೋ ನೋಡ್ಕೊಳಿ ಮೇಡಂ ಎಂದ. ಯಾಕೆ ಎಂದು ಕೇಳಿದರೆ ಸುಮ್ಮನಾದ. ನಾನು ಬಿಡುವ ಪೈಕಿಯಲ್ಲ. ಕುವೆಂಪುನಗರದಲ್ಲಿ ಮೆಡಿಕಲ್ ಸ್ಟೋರಿನ ಮಹಡಿ ಮೇಲೆ ಕೂತು ಹದಿನೈದು ವರ್ಷದಿಂದ ಊರವರ ಲೆಕ್ಕ ಬರೆದು ತೆರಿಗೆ ರಿಟರ್ನ್ಸ್ ಹಾಕುತ್ತಿದ್ದೇನೆ. ಜನ ಸುಮ್ಮನಾದರೆ ಅಲ್ಲಿ ದುಡ್ಡಿನ ವಿಷಯ ಇರುತ್ತದೆ ಎನ್ನುವಷ್ಟು ನನಗೆ ಗೊತ್ತು. ಆಫೀಸಿಗೆ ಕರೆಸಿಕೊಂಡು ಎದುರಿಗೆ ಕೂರಿಸಿ, ಬಾಯಿ ಬಿಡಿಸಿದೆ.

ನಜರ್‌ಬಾದ್ ಕಡೆಯ ಒಂದು ಆಟೋ ಸ್ಟ್ಯಾಂಡಿನಲ್ಲಿ ಇವರದೊಂದು ಚಾಲಕರ ಸಂಘ. ದಿನಕ್ಕೆ ಹತ್ತು ರೂಪಾಯಿಯಂತೆ ಪ್ರತಿಯೊಬ್ಬರೂ ಹಾಕಿ, ಯಾರಿಗಾದರೂ ಅಪಘಾತವಾದರೆ, ಯಾರಾದರೂ ತೀರಿಕೊಂಡರೆ ಮನೆಯವರಿಗೆ ಕೊಡುವುದು. ಹಾಗೆ ಕೂಡಿದ ದುಡ್ಡಿನಲ್ಲಿ ಹತ್ತು ಲಕ್ಷವನ್ನು ಐದು ವರ್ಷಕ್ಕೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಬಡ್ಡಿಯನ್ನು ಆಗಾಗ ತೆಗೆಯುವ ಹಾಗಿಲ್ಲ. ಅದು ಅಸಲಿಗೇ ಸೇರಿ, ಅವಧಿ ಮುಗಿದಾಗ ಒಟ್ಟಿಗೆ ಬರುವಂಥದು. ಖಜಾಂಚಿ ಚೆಲುವಣ್ಣ. ಲೆಕ್ಕ ಬರೆಯುವವರು ಕಾರ್ಯದರ್ಶಿ ಶಿವಲಿಂಗಯ್ಯ. ಸ್ಟ್ಯಾಂಡಿನ ಎದುರಿಗೇ ಅವರ ಝೆರಾಕ್ಸ್ ಅಂಗಡಿ. ಬ್ಯಾಂಕಿನವರು ಕೊಟ್ಟ ರಸೀದಿಯಲ್ಲಿ ಅವಧಿ ಮುಗಿದಾಗ ಬರುವ ಮೊತ್ತ ಹದಿಮೂರು ಲಕ್ಷದ ಎಂಬತ್ತು ಸಾವಿರ ಚಿಲ್ಲರೆ ಎಂದು ಅಚ್ಚಾಗಿತ್ತು. ಶಿವಲಿಂಗಯ್ಯ ಅದನ್ನು ದೊಡ್ಡದು ಮಾಡಿ, ಲ್ಯಾಮಿನೇಷನ್ ಮಾಡಿಸಿ ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿದ್ದರು. ಆ ಸಂಖ್ಯೆ ಅಲ್ಲಿ ಎಲ್ಲರಿಗೂ ಬಾಯಿಪಾಠ.

ಏಪ್ರಿಲ್‌ನಲ್ಲಿ ಅವಧಿ ಮುಗಿಯಿತು. ಸಂಘದ ಖಾತೆಗೆ ಬಂದದ್ದು ಹದಿಮೂರು ಲಕ್ಷದ ಮೂವತ್ತೇಳು ಸಾವಿರ.

ನಲವತ್ತಮೂರು ಸಾವಿರ ಎಲ್ಲಿ ಹೋಯಿತು ಎಂದು ಅಧ್ಯಕ್ಷ ಸಿದ್ದಲಿಂಗಸ್ವಾಮಿ ಕೇಳಿದರು. ಪಾಸ್‌ಬುಕ್ಕು, ರಸೀದಿ ಇಟ್ಟುಕೊಂಡವನು ಖಜಾಂಚಿ, ಬ್ಯಾಂಕಿಗೆ ಓಡಾಡಿದವನೂ ಅವನೇ. ಚೆಲುವಣ್ಣ ಹೋಗಿ ವಿಚಾರಿಸಿದ. ಕೌಂಟರಿನ ಹುಡುಗಿ ತಲೆ ಎತ್ತದೆ, ಟಿಡಿಎಸ್ ಕಟ್ ಆಗಿದೆ, ವರ್ಷಾವರ್ಷದ ಬಡ್ಡಿಗೆ ತೆರಿಗೆ ಎಂದಳಂತೆ. ಬಿಡಿಸಿ ಹೇಳಿ ಎಂದು ಕೇಳಲು ಇವನಿಗೆ ನಾಚಿಕೆ, ಹಿಂದೆ ಕ್ಯೂ ಬೇರೆ. ವರ್ಷಾವರ್ಷ ಬಡ್ಡಿಗೆ ತೆರಿಗೆ ಹಿಡಿದಿದ್ದಾರಂತೆ ಎಂದು ಸ್ಟ್ಯಾಂಡಿನಲ್ಲಿ ಬಂದು ಹೇಳಿದ. ಯಾರೂ ಒಪ್ಪಲಿಲ್ಲ. ಬಡ್ಡಿಯೇ ಕೈಗೆ ಬಂದಿಲ್ಲ, ಬಾರದ ಬಡ್ಡಿಗೆ ತೆರಿಗೆ ಹೇಗೆ ಹಿಡಿಯುತ್ತಾರೆ, ಯಾರ ಕಿವಿಗೆ ಹೂ ಇಡ್ತೀಯ ಎಂದರು. ಠೇವಣಿ ಮೇಲೆ ಸಾಲ ತೆಗೆದು ನುಂಗಿದ್ದಾನೆ ಎಂದ ಒಬ್ಬ. ನನ್ನಿಂದ ಎಷ್ಟು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಂಡಿದ್ದಾನೋ ಎಂದರು ಅಧ್ಯಕ್ಷರು. ಒಂದು ವಾರ ಗಡುವು ಕೊಟ್ಟರು. ಆರನೇ ದಿನ ಇವನು ಆಟೋ ಮಾರಿ, ಅದರ ಮೇಲಿದ್ದ ಸಾಲ ತೀರಿಸಿ, ಉಳಿದದ್ದರಲ್ಲಿ ನಲವತ್ತಮೂರು ಸಾವಿರವನ್ನು ಸಂಘದ ಖಾತೆಗೆ ಕಟ್ಟಿಬಿಟ್ಟ.

"ಅಯ್ಯೋ ಪುಣ್ಯಾತ್ಮ, ದಿನಾ ನನ್ನ ಮನೆ ಬಾಗಿಲಿಗೆ ಬರ್ತಿದ್ರಲ್ಲ. ಒಂದು ಮಾತು ಕೇಳೋಕೆ ಏನಾಗಿತ್ತು?" ಎಂದೆ.

"ನಿಶ್ಚಿತಾ ಪಾಪು ಮುಂದೆ ಎಂಗೆ ಕೇಳ್ಲಿ ಮೇಡಂ," ಎಂದ. "ನೀವೂ ಅಂಗೇ ಅನ್ಕೊಂಡ್ಬುಟ್ರೆ?"

ಬ್ಯಾಂಕಿನ ಹುಡುಗಿ ಹೇಳಿದ್ದು ಅಪ್ಪಟ ನಿಜ. ಇಂಥ ಠೇವಣಿಯಲ್ಲಿ ಬಡ್ಡಿ ಕೈಗೆ ಬರುವುದು ಕೊನೆಗೆ. ಆದರೆ ಅದು ಹುಟ್ಟುವುದು ಪ್ರತಿ ವರ್ಷವೂ. ಮಾರ್ಚ್ ಮೂವತ್ತೊಂದು ಬಂತೆಂದರೆ ಬ್ಯಾಂಕಿನವರು ಆ ವರ್ಷ ಹುಟ್ಟಿದ ಬಡ್ಡಿಯನ್ನು ಲೆಕ್ಕ ಹಾಕಿ ಕೊಟ್ಟಂತೆಯೇ ತೋರಿಸುತ್ತಾರೆ. ಅದು ಮಿತಿ ಮೀರಿದರೆ ನೂರಕ್ಕೆ ಹತ್ತನ್ನು ಅಲ್ಲೇ ತೆರಿಗೆ ಎಂದು ಹಿಡಿದು, ಠೇವಣಿದಾರರ ಪ್ಯಾನ್ ನಂಬರಿನಲ್ಲಿ ಸರ್ಕಾರಕ್ಕೆ ಕಟ್ಟುತ್ತಾರೆ. ಠೇವಣಿಗೆ ಸೇರುವುದು ಮಿಕ್ಕ ತೊಂಬತ್ತು. ಲೆಕ್ಕ ಬರೆಯುವವರು ನೂರನ್ನೂ ಆದಾಯ ಎಂದೇ ಬರೆಯಬೇಕು, ಆದರೆ ತೊಂಬತ್ತು ಬ್ಯಾಂಕಿನಿಂದ ಬರಬೇಕಾದದ್ದು, ಹತ್ತು ತೆರಿಗೆ ಇಲಾಖೆಯಲ್ಲಿ ಇರುವುದು ಎಂದು ಬೇರೆ ಬೇರೆ ತೋರಿಸಬೇಕು. ಶಿವಲಿಂಗಯ್ಯ ಐದು ವರ್ಷವೂ ನೂರಕ್ಕೆ ನೂರನ್ನೂ ಬ್ಯಾಂಕಿನಿಂದ ಬರಬೇಕು ಎಂದೇ ಬರೆದು, ಯುಗಾದಿ ಕಳೆದ ಮೇಲಿನ ಸಭೆಯಲ್ಲಿ ಗಟ್ಟಿಯಾಗಿ ಓದಿದ್ದರು. ರಸೀದಿಯ ಕೊನೆಯ ಸಂಖ್ಯೆಗೆ ಹೊಂದಿಸಿ ಹೊಂದಿಸಿ ಬರೆದರೆ ಇನ್ನೇನಾಗುತ್ತದೆ?

ಸಂಘದ ಪ್ಯಾನ್ ನಂಬರಿನಿಂದ ತೆರಿಗೆ ಇಲಾಖೆಯ ಪೋರ್ಟಲಿಗೆ ಲಾಗಿನ್ ಆಗಿ 26ಎಎಸ್ ತೆಗೆದೆ. ಹಿಡಿದ ತೆರಿಗೆಯೆಲ್ಲ ಕಾಣುವ ಪಟ್ಟಿ ಅದು. ಐದು ವರ್ಷದ್ದೂ ಇತ್ತು, ಒಟ್ಟು ಮೂವತ್ತೇಳು ಸಾವಿರ ಚಿಲ್ಲರೆ. ಇನ್ನುಳಿದ ಆರು ಸಾವಿರದಷ್ಟು, ಹಿಡಿದ ಆ ದುಡ್ಡು ಠೇವಣಿಯಲ್ಲೇ ಇದ್ದಿದ್ದರೆ ದುಡಿಯುತ್ತಿದ್ದ ಬಡ್ಡಿ. ಪೈಸೆ ಪೈಸೆಗೂ ಲೆಕ್ಕ ಸಿಕ್ಕಿತು. ಠೇವಣಿ ಮೇಲೆ ಸಾಲ ತೆಗೆದೇ ಇಲ್ಲ ಎಂದು ಬ್ಯಾಂಕಿನಿಂದ ಸ್ಟೇಟ್‌ಮೆಂಟೂ ತರಿಸಿದೆ. ಸಂಘದ ಆದಾಯ ತೆರಿಗೆ ಬೀಳುವಷ್ಟು ಇಲ್ಲ, ರಿಟರ್ನ್ಸ್ ಹಾಕಿದ್ದರೆ ವರ್ಷಾವರ್ಷ ಅಷ್ಟೂ ವಾಪಸ್ ಬರುತ್ತಿತ್ತು. ಇವರು ಒಂದು ವರ್ಷವೂ ಹಾಕಿರಲಿಲ್ಲ.

ಕಾಗದ ಹಿಡಿದುಕೊಂಡು ಭಾನುವಾರ ಅವರ ಸಭೆಗೆ ಹೋದೆ. ಜಂಬದಿಂದಲೇ ಹೋದೆ ಅನ್ನಿ. ಒಬ್ಬ ಬಡಪಾಯಿಯ ಮರ್ಯಾದೆ ವಾಪಸ್ ಕೊಡಿಸುತ್ತೇನೆ ಎಂದು ಒಳಗೊಳಗೇ ಹಿಗ್ಗಿದ್ದೆ. ನಲವತ್ತೈವತ್ತು ಜನ ಇದ್ದರು. ಒಳ್ಳೆಯ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಚೆಲುವಣ್ಣ ಹಿಂದುಗಡೆ ಬಾಗಿಲ ಹತ್ತಿರ ನಿಂತಿದ್ದ. ನಾನು ಬೋರ್ಡಿನ ಮೇಲೆ ನೂರು, ತೊಂಬತ್ತು, ಹತ್ತು ಎಂದು ಬರೆದು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಕೈಗೆ ಬಾರದ ಬಡ್ಡಿಗೂ ತೆರಿಗೆ ಯಾಕೆ ಹಿಡಿಯುತ್ತಾರೆ ಎನ್ನುವುದನ್ನು ಎರಡು ಸಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅರ್ಥವಾಗಲಿಲ್ಲ ಎಂದು ಯಾರೂ ಅನ್ನಲಿಲ್ಲ. ಅರ್ಥ ಆಗಿತ್ತು, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ.

ಸಿದ್ದಲಿಂಗಸ್ವಾಮಿ ಎದ್ದು ನಿಂತರು. ದನಿ ಎತ್ತಲಿಲ್ಲ. ಮರ್ಯಾದಸ್ಥರು.

"ನೀವು ಹೇಳಿದ್ದೆಲ್ಲಾ ಸರಿ ಮೇಡಂ. ಒಂದೇ ಒಂದು ಕೇಳ್ತೀನಿ. ತಗೊಂಡಿಲ್ಲ ಅಂದ್ಮೇಲೆ ಯಾಕೆ ಕಟ್ದ?"

ಹೆದರಿದರು, ನೀವೇ ಹೆದರಿಸಿದಿರಿ, ಎಂದೆ. ಹಿಂದಿನಿಂದ ಯಾರೋ, ನನ್ನ ಕುತ್ತಿಗೆ ಹಿಸುಕಿದ್ರೂ ತಗೋಳ್ದೆ ಇರೋ ದುಡ್ಡು ಕಟ್ಟಲ್ಲಪ್ಪ ಎಂದರು. ಆಟೋ ಮಾರ್ಕೊಂಡು ಯಾರಾದ್ರೂ ಕಟ್ತಾರಾ ಎಂದರು ಇನ್ನೊಬ್ಬರು. ನಾನು ಶಿವಲಿಂಗಯ್ಯನವರ ಮುಖ ನೋಡಿದೆ. ತಪ್ಪು ಬರೆದದ್ದು ನಾನು, ಐದು ವರ್ಷವೂ ನಾನೇ ಓದಿದೆ ಎಂದು ಅವರೊಬ್ಬರು ಒಂದು ಸಲ ಹೇಳಿದ್ದರೆ ಸಾಕಿತ್ತು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದೇ ಒರೆಸಿದ್ದು, ಮತ್ತೆ ಹಾಕಿಕೊಳ್ಳಲೇ ಇಲ್ಲ.

ಪೊಲೀಸಿಗೆ ಕೊಡದೆ ನಾವು ಕ್ಷಮಿಸಿದ್ದೇವೆ, ಅದು ಸಂಘದ ದೊಡ್ಡತನ, ಮುಗಿದ ವಿಷಯ ಎಂದರು ಅಧ್ಯಕ್ಷರು. ಕ್ಷಮಿಸಿದ್ದರಂತೆ. ಆ ದೊಡ್ಡತನವನ್ನು ಬಿಟ್ಟುಕೊಡಲು ಅಲ್ಲಿ ಒಬ್ಬರಿಗೂ ಮನಸ್ಸಿರಲಿಲ್ಲ. ಕಳ್ಳ ಇಲ್ಲ ಎಂದಾಗಿಬಿಟ್ಟರೆ, ಒಂದು ವಾರ ಪೂರ್ತಿ ತಾವು ಆಡಿದ ಮಾತುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಪಾಪ. ಚೆಲುವಣ್ಣನ ಪೂರ್ತಿ ಹೆಸರು ಹಾಕಿ, ಚೆಲುವರಾಜು ಅವರಿಂದ ವಸೂಲಾದದ್ದು ಎಂದು ಆಗಲೇ ಲೆಕ್ಕಕ್ಕೆ ಬರೆದಾಗಿತ್ತು. ಆ ವಸೂಲು ಎನ್ನುವುದನ್ನಾದರೂ ತೆಗೆಯಿರಿ ಎಂದು ಅಂಗಲಾಚಿದೆ. ಠರಾವು ಪಾಸಾಗಿದೆ ಮೇಡಂ ಎಂದರು. ತಿರುಗಿ ನೋಡಿದರೆ ಬಾಗಿಲ ಹತ್ತಿರ ಚೆಲುವಣ್ಣ ಇರಲಿಲ್ಲ.

ಆದರೂ ನಾನು ಹಟ ಬಿಡಲಿಲ್ಲ. ಹೋದ ವರ್ಷದ ರಿಟರ್ನ್ಸ್ ಹಾಕಲು ಇನ್ನೂ ಕಾಲ ಇತ್ತು, ಫೀಸು ಕೇಳದೆ ಹಾಕಿಕೊಟ್ಟೆ. ಹಿಂದಿನ ವರ್ಷಗಳದ್ದಕ್ಕೆ ಗಡುವು ಮೀರಿತ್ತು. ತಡವಾದದ್ದನ್ನು ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಬರೆಯಬೇಕು, ಮನ್ನಿಸಿದರೆ ಬಂತು, ಇಲ್ಲದಿದ್ದರೆ ಹೋಯಿತು. ಅದನ್ನೂ ಬರೆದೆ. ಕೆಲವು ವಾರ ಕಳೆದು ಒಂದು ವರ್ಷದ್ದು, ಎಂಟು ಸಾವಿರ ಚಿಲ್ಲರೆ, ಸಂಘದ ಖಾತೆಗೆ ಬಂದು ಬಿತ್ತು. ಸರ್ಕಾರವೇ ಒಪ್ಪಿಕೊಂಡಿದೆಯಲ್ಲ, ಇನ್ನಾದರೂ ಕಣ್ಣು ಬಿಡುತ್ತಾರೆ ಎಂದುಕೊಂಡೆ. ಸಿದ್ದಲಿಂಗಸ್ವಾಮಿಯವರೇ ಫೋನ್ ಮಾಡಿದರು. ಬಹಳ ಖುಷಿಯಲ್ಲಿದ್ದರು. ಅವನು ಕಟ್ಟಿದ್ದೂ ಬಂತು, ಸರ್ಕಾರದ್ದೂ ಬಂತು, ನಿಮ್ಮಿಂದ ಸಂಘಕ್ಕೆ ಉಪಕಾರ ಆಯ್ತು ಎಂದರು. ಅದು ಚೆಲುವಣ್ಣನಿಗೆ ಸೇರಬೇಕಾದ ದುಡ್ಡು, ಮೊದಲು ಅವರಿಗೆ ಕೊಡಿ ಎಂದು ನಾನು ಫೋನಿನಲ್ಲೇ ಕೂಗಾಡಿದೆ. ಅವನೇ ಬಂದು ಬರೆದುಕೊಡಲಿ, ಸಭೆಯಲ್ಲಿ ಇಡೋಣ ಎಂದರು.

ಚೆಲುವಣ್ಣ ಈಗ ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್. ಹುಡುಕಿಕೊಂಡು ಹೋದೆ. ಮುಹೂರ್ತ ಇಲ್ಲದ ದಿನ, ಗೇಟಿನ ಹತ್ತಿರ ಒಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ದೊಗಲೆ ಯೂನಿಫಾರ್ಮು. ಎದ್ದು ನಿಂತು ಸೆಲ್ಯೂಟ್ ಹೊಡೆದ. ನಿಶ್ಚಿತಾ ಹೇಗಿದ್ದಾಳೆ ಎಂದು ಕೇಳಿದ. ನಾನು ರೀಫಂಡ್ ಬಂದ ಕಾಗದ ತೋರಿಸಿ, ಒಂದು ಅರ್ಜಿ ಬರೆದಿದ್ದೇನೆ, ಸಹಿ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ.

ಅವನು ಕಾಗದ ಮುಟ್ಟಲಿಲ್ಲ. ಸಹಿ ಎಂದ ಕೂಡಲೇ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡ ಮೇಡಂ. ಐದು ವರ್ಷ ಸಂಘದೋರು ಎಲ್ಲೆಲ್ಲಿ ತೋರ್ಸುದ್ರೋ ಅಲ್ಲೆಲ್ಲಾ ಸಹಿ ಹಾಕ್ಬುಟ್ಟಿದೀನಿ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ. "ನೀವು ಓದಿರೋರು, ಎಲ್ಲಾ ತೆಗೆದು ನೋಡಿದೀರ. ನಿಜ ಹೇಳಿ. ನಾನು ತಗೊಂಡಿಲ್ಲ ತಾನೆ?"

"ಇಲ್ಲ ಚೆಲುವಣ್ಣ. ಒಂದು ರೂಪಾಯಿನೂ ತಗೊಂಡಿಲ್ಲ. ಇಲ್ಲಿ ನೋಡಿ, ಇದರಲ್ಲೇ ಇದೆ."

ಕಾಗದ ಬಿಡಿಸಿ ಅವನ ಮುಖದ ಹತ್ತಿರ ಹಿಡಿದೆ, ಒಂದೊಂದು ವರ್ಷದ ಮೇಲೂ ಬೆರಳಿಟ್ಟು ತೋರಿಸಿದೆ. ಅವನು ಕಾಗದ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ನಕ್ಕ.

"ನೀವು ಒಳ್ಳೇವ್ರು ಮೇಡಂ, ಅದಕ್ಕೆ ಅಂಗಂತೀರ," ಎಂದು ಗೇಟು ತೆಗೆದ.