‘ಕದಿರ್ಗಳ’ದ ಲಘು

೧೯೮೯ರಲ್ಲಿ ಗಂಗುಲಪ್ಪನವರು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗೆ ಛಂದಸ್ಸು ಪಾಠ ಮಾಡುತ್ತಿದ್ದರು. ಹಿಂದಿನ ಮೇಷ್ಟ್ರು ಬಿಟ್ಟುಹೋಗಿದ್ದ ಅಭ್ಯಾಸದ ಹಾಳೆಯನ್ನೇ ಆ ವರ್ಷವೂ ಹಂಚಿದರು. ಅದರಲ್ಲಿ ಅರ್ಧ ಪದ್ಯವಿತ್ತು:

ಉದಯದ ಕದಿರ್ಗಳ ಪೊನ್ನಿಂ
ಪುದಿದುದು ತೀರಂ ಸರೋವರಂ ಪೊಳೆಯುತ್ತುಂ

ಪ್ರಸ್ತಾರ ಹಾಕಿ ಛಂದಸ್ಸು ಹೆಸರಿಸಬೇಕು. ಎರಡನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಐದು ಗಣ, ನಡುವಿನದು ‘ಸರೋವ’ ಎಂಬ ಜಗಣ, ಕೊನೆಗೆ ಗುರು. ಕಂದ ಎಂಬುದರಲ್ಲಿ ಅನುಮಾನವಿರಲಿಲ್ಲ. ಮೊದಲ ಸಾಲಿಗೆ ಹನ್ನೆರಡು ಮಾತ್ರೆ ಬರಬೇಕಿತ್ತು; ಅವರ ಲೆಕ್ಕಕ್ಕೆ ಹದಿಮೂರು ಬಂದಿತ್ತು. ಅಚ್ಚಿನ ತಪ್ಪಿರಬೇಕೆಂದು ಸುಮ್ಮನಾಗಿದ್ದರು.

ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದ ಹಫೀಜಾ ‘ಕದಿರ್ಗಳ’ದ ‘ದಿ’ಗೆ ಲಘು ಹಾಕಿದ್ದಳು. ಅವಳ ಹಾಳೆ ನೋಡಿ ಗಂಗುಲಪ್ಪನವರಿಗೆ ರೇಗಿತು.

“ಏನಮ್ಮ ಇದು? ಒತ್ತಕ್ಷರದ ಹಿಂದಿನದು ಗುರು ಅಂತ ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಮನೇಲಿ ಉರ್ದು, ಇಲ್ಲಿ ಕನ್ನಡ. ಹಿಂಗೇ ಆಗೋದು.”

ತರಗತಿ ನಕ್ಕಿತು. “ಸಾರ್, ಹಿಂದೆ ಬರ್ದಿದೀನಿ...” ಎಂದಳು. ಅವರು ಸೊನ್ನೆ ಹಾಕಿ ಹಾಳೆಯನ್ನು ಉಳಿದ ಹಾಳೆಗಳ ಕಟ್ಟಿನಲ್ಲಿ ಸೇರಿಸಿದರು. ಮರುದಿನದಿಂದ ಅವಳು ಬರಲಿಲ್ಲ.

ತಿಂಗಳ ಮೇಲೆ ಅಂಕಪಟ್ಟಿ ಬರೆಯಲು ಕಟ್ಟು ಬಿಚ್ಚಿದಾಗ ಆ ಹಾಳೆ ಮಗುಚಿಕೊಂಡು ಕೈಗೆ ಬಂತು. ಬೆನ್ನಿಗೆ ದುಂಡನೆಯ ಅಕ್ಷರಗಳಲ್ಲಿ ಬರೆದಿದ್ದಳು: “ಇಲ್ಲಿ ರ್ಗ ಶಿಥಿಲದ್ವಿತ್ವ. ತೇಲಿಸಿ ಉಚ್ಚರಿಸುವುದರಿಂದ ‘ದಿ’ ಲಘುವಾಗಿಯೇ ಉಳಿಯುತ್ತದೆ. ಗುರು ಮಾಡಿದರೆ ಸಾಲಿಗೆ ಹದಿಮೂರು ಮಾತ್ರೆಯಾಗಿ ಕಂದ ಕೆಡುತ್ತದೆ.”

ಅವರು ಬಾಯಲ್ಲಿ ಹೇಳಿಕೊಂಡು ಬೆರಳೆಣಿಸಿದರು. ಉದಯದ, ಕದಿರ್ಗಳ, ಪೊನ್ನಿಂ. ನಾಲ್ಕು, ನಾಲ್ಕು, ನಾಲ್ಕು. ಓದಿ ತಿಳಿದಿದ್ದ ನಿಯಮವೇ; ಇಲ್ಲಿ ನೆನಪಾಗಿರಲಿಲ್ಲ. ಆ ಹುಡುಗಿಗೆ ಅದು ಗೊತ್ತಿರಬಹುದೆಂದೂ ಅವರಿಗೆ ತೋಚಿರಲಿಲ್ಲ.

ಭಾನುವಾರ ಶಿಡ್ಲಘಟ್ಟಕ್ಕೆ ಹೋಗಿ ಮನೆ ಹುಡುಕಿದರು. ತಾಯಿ ಜಾನ್ ಬೀ ಕುರ್ಚಿ ಹಾಕಿದರು. “ಇವಳು ಓದೋದು ನಮ್ಮ ಮನೆಯವರಿಗೆ ಮೊದಲೇ ಇಷ್ಟ ಇರಲಿಲ್ಲ ಸಾರ್. ಸೊನ್ನೆ ಬಂತು, ಎಲ್ಲಾರೂ ನಕ್ಕರು ಅಂತ ಇವಳೇ ಅತ್ತು ಹೇಳಿದ್ಲು. ಸಾಕು ಬಿಡು ಅಂದ್ರು. ಈಗ ರೇಷ್ಮೆ ಬಿಚ್ಚೋಕೆ ಹೋಗ್ತಾಳೆ.”

ಹಫೀಜಾ ಬಂದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

“ನೀನು ಬರೆದದ್ದೇ ಸರಿ ಕಣಮ್ಮ. ತಪ್ಪು ನನ್ನದು. ಬಾ, ಫೀಸು ಗೀಸು ನಾನು ಮಾತಾಡ್ತೀನಿ.”

“ಪರೀಕ್ಷೆ ಫಾರಂ ಕಟ್ಟೋ ದಿನ ಮುಗೀತು ಸಾರ್. ಅಬ್ಬಾನೂ ಒಪ್ಪಲ್ಲ.” ಒದ್ದೆ ಕೈ ಒರೆಸಿಕೊಂಡಳು. “ಅದು ಸರಿ ಅಂತ ನನಗೆ ಆವತ್ತೇ ಗೊತ್ತಿತ್ತು. ಕ್ಲಾಸಲ್ಲಿ ಹೇಳ್ತೀರಾ?”

“ಹೇಳ್ತೀನಿ.”

ಸೋಮವಾರ ಕಪ್ಪು ಹಲಗೆಯ ಮೇಲೆ ಸಾಲು ಬರೆದು, ‘ದಿ’ಯ ತಲೆಯ ಮೇಲೆ ಲಘು ಹಾಕಿ, ಅವಳ ಹೆಸರು ಹೇಳಿ, ತಾವು ಮಾಡಿದ್ದನ್ನೂ ಹೇಳಿದರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಸಾರ್, ಇದು ಪರೀಕ್ಷೆಗೆ ಬರುತ್ತಾ?” ಎಂದ. ಗಂಗುಲಪ್ಪನವರು ಹಲಗೆಗೆ ತಿರುಗಿದರು. ಗಂಟೆ ಹೊಡೆಯುವವರೆಗೂ ಸಾಲಿನ ಉಳಿದ ಅಕ್ಷರಗಳಿಗೆ ಒಂದೊಂದಾಗಿ ಪ್ರಸ್ತಾರ ಹಾಕುತ್ತಾ ಹೋದರು.