ಕೆಂಪು ಬೆಂಚು

ಫ್ಯಾನಿನ ಮೂರನೆಯ ರೆಕ್ಕೆ ಬಾಗಿದೆ, ಸುತ್ತಿಗೊಮ್ಮೆ ಟಕ್ ಎನ್ನುತ್ತದೆ, ಒಂದು ದಿನ ಅದು ಕಳಚಿ ಬಿದ್ದು ಇಡೀ ಏಳನೆಯ ತರಗತಿಯ ತಲೆಗಳನ್ನು ಸೌತೆಕಾಯಿಯ ಹಾಗೆ ಹೆಚ್ಚಿಹಾಕುತ್ತದೆ ಎಂದು ಸಾವಿರ ಸಲ ಹೇಳಿದ್ದೇನೆ, ಯಾರೂ ನಂಬುವುದಿಲ್ಲ, ನನಗೆ ಬುರುಡೆ ಎಂದೇ ಹೆಸರಿಟ್ಟಿದ್ದಾರೆ, ಇಡಲಿ, ಬುರುಡೆ ಬಿಡುವುದಕ್ಕೂ ತಲೆ ಬೇಕು — ಟಕ್ — ಆದರೆ ಈ ಹೊಟ್ಟೆನೋವು ಬುರುಡೆಯಲ್ಲ, ಹೊಕ್ಕುಳಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ, ಬೆಳಗಿನಿಂದ ಸೊಂಟವೂ ಹಿಡಿದಿದೆ, ಕೆಳಗೆ ಏನೋ ಜಿನುಗಿದ ಹಾಗೆ, ಬೆವರಿರಬೇಕು, ಬೆಂಚಿಗೆ ಕೈಯೂರಿ ಸರಿದು ಕೂತೆ, ಬೆರಳ ತುದಿಗೆ ಅಂಟಿದ್ದು ಬೆವರಲ್ಲ, ಕಂದುಗೆಂಪು, ರಕ್ತ, ಅಯ್ಯೋ, ಅವಳ ರೋಗ ನನಗೂ ಅಂಟಿತು. ಪಕ್ಕದಲ್ಲೇ ಕೂತಿದ್ದಾಳೆ ಕೆಂಪು ಬೆಂಚು, ಒಂದನೆಯ ತರಗತಿಯಿಂದ ನನ್ನ ಗೆಳತಿ, ಆ ಹೆಸರಿಟ್ಟವಳೂ ನಾನೇ, ಮೂರು ತಿಂಗಳ ಹಿಂದೆ ಅವಳು ಎದ್ದಾಗ ಬೆಂಚಿನ ಮೇಲೆ ಎರಡು ಬೆರಳಗಲದ ಕಲೆ, ಅವಳು ಬಿಳಿ ಕರವಸ್ತ್ರ ಒದ್ದೆ ಮಾಡಿ ಒಬ್ಬಳೇ ಒರೆಸುತ್ತಿದ್ದಳು, ನಾನು ಹೊರಗೆ ಓಡಿ ಹೋಗಿ ಡಂಗುರ ಸಾರಿದೆ, ಒಂದು ಬಕೆಟ್ ರಕ್ತ ಕಣ್ರೇ, ಒಳಗೆ ಹುಣ್ಣು ಒಡೆದಿದೆ, ಮುಟ್ಟಿದ್ರೆ ಅಂಟುತ್ತೆ, ಆರು ತಿಂಗಳಲ್ಲಿ ಸಾಯ್ತಾಳೆ — ಹುಣ್ಣಿನ ಸಂಗತಿ ಆ ಗಳಿಗೆಯಲ್ಲಿ ಹುಟ್ಟಿದ್ದು, ಎಷ್ಟು ಚೆನ್ನಾಗಿ ಹುಟ್ಟಿತ್ತೆಂದರೆ ಕೊನೆಗೆ ನಾನೇ ನಂಬಿದೆ, ಅಮ್ಮನನ್ನು ಕೇಳಿದ್ದಕ್ಕೆ ಚಿಕ್ಕಮ್ಮನ ಮುಖ ನೋಡಿ, ಟೈಮ್ ಬಂದಾಗ ಗೊತ್ತಾಗುತ್ತೆ ಹೋಗೇ ಅಂದಳು, ಈಗ ಟೈಮ್ ಬಂದಿದೆ, ನಾನು ಸಾಯುತ್ತಿದ್ದೇನೆ, ಲೆಕ್ಕದ ಮೇಷ್ಟ್ರು ಕರೆಯುತ್ತಿದ್ದಾರೆ. ಏನಮ್ಮ, ಈ ಲೆಕ್ಕ ಎಡಗೈಲಿ ಮಾಡ್ತೀನಿ ಅಂದಿದ್ದೆಯಲ್ಲ, ಬಾ ಬೋರ್ಡಿಗೆ. ಎಲ್ಲ ತಲೆಗಳೂ ತಿರುಗಿವೆ, ಬೂದು ಲಂಗ, ಎದ್ದರೆ ಮುಗಿಯಿತು, ಇನ್ನೊಂದು ಕೆಂಪು ಬೆಂಚು — ಪಕ್ಕದಿಂದ ದನಿ, ಮೂರು ತಿಂಗಳಿಂದ ತರಗತಿಯಲ್ಲಿ ಬಾಯಿಬಿಡದವಳ ದನಿ, ಸರ್, ಇವಳಿಗೆ ವಾಂತಿ ಬರ್ತಿದೆ, ಕರ್ಕೊಂಡು ಹೋಗ್ತೀನಿ, ಅವಳ ಸ್ವೆಟರ್ ನನ್ನ ಸೊಂಟ ಸುತ್ತುತ್ತಿದೆ, ತೋಳುಗಳು ಹೊಟ್ಟೆಯ ಮೇಲೆ ಗಂಟಾಗುತ್ತಿವೆ, ಏಳು, ಗೋಡೆ ಕಡೆ ಬೆನ್ನು ಮಾಡಿ ನಡಿ.

ಶೌಚಾಲಯದ ಕದಕ್ಕೆ ಚಿಲಕವಿಲ್ಲ, ಅವಳು ಹೊರಗೆ ನಿಂತು ಹಿಡಿದುಕೊಂಡಿದ್ದಾಳೆ, ಸಂದಿಯಿಂದ ಒಂದು ಪ್ಯಾಡ್ ಒಳಗೆ ಬಂತು, ಹಿಂದಿನ ಅಂಟುಕಾಗದ ಕಿತ್ತು ಚಡ್ಡಿಯ ನಡುಮಧ್ಯಕ್ಕೆ ಅಂಟಿಸು, ಎರಡೂ ರೆಕ್ಕೆ ಕೆಳಗೆ ಮಡಚು, ಉಲ್ಟಾ ಇಟ್ಟೆ, ಅಂಟು ಮೈಗೆ ಹತ್ತಿತು, ಅಲ್ಲ ಕಣೇ ಅಂಟು ಬಟ್ಟೆ ಕಡೆ, ಮೆತ್ತಗಿರೋದು ಮೈ ಕಡೆ — ನಾನು ಇನ್ನೆಷ್ಟು ದಿನ ಬದುಕ್ತೀನಿ ಅಂದೆ, ಅವಳು ನಕ್ಕಳೋ ಏನೋ, ಎಂಬತ್ತು ವರ್ಷ, ಅಲ್ಲೀವರೆಗೂ ಬುರುಡೆ ಬಿಡ್ತೀಯ, ಇದು ರೋಗ ಅಲ್ಲ, ಅಂಟೋದೂ ಇಲ್ಲ, ಗರ್ಭಕೋಶದ ಒಳಪದರ ಕಳಚಿ ಬರೋದು, ದೊಡ್ಡೋರಾಗ್ತಾ ಎಲ್ಲ ಹುಡುಗೀರಿಗೂ ಬರುತ್ತೆ, ನರ್ಸ್ ಅತ್ತೆ ಹೇಳಿದ್ದು, ಮೂರು ದಿನದಿಂದ ಒಂದು ವಾರ ಹೋಗುತ್ತೆ, ಎಲ್ಲ ಸೇರಿ ಎರಡು ಮೂರು ದೊಡ್ಡ ಚಮಚ, ನೀನು ಹೇಳ್ದ ಬಕೆಟ್ ಅಲ್ಲ. ಬಕೆಟ್ ಎಂಬ ಮಾತನ್ನು ಮೆಲ್ಲಗೆ ಇಟ್ಟಳು, ತುಂಬಿದ ಬಕೆಟನ್ನೇ ಕೆಳಗೆ ಇಟ್ಟ ಹಾಗೆ. ನಾಲ್ಕೈದು ಗಂಟೆಗೊಮ್ಮೆ ಬದಲಾಯಿಸು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕು, ಕಮೋಡಿಗಲ್ಲ, ಕಲೆ ತಣ್ಣೀರಲ್ಲಿ ತೊಳಿ, ಬಿಸಿನೀರಲ್ಲಿ ಕೂತುಬಿಡುತ್ತೆ, ನೋವಿಗೆ ಬಿಸಿನೀರಿನ ಬಾಟಲಿ ಹೊಟ್ಟೆ ಮೇಲೆ ಇಟ್ಕೋ, ಮುಂದಿನ ತಿಂಗಳು ಬರ್ದಿದ್ರೂ ಹೆದರಬೇಡ, ಮೊದಮೊದಲು ಹಿಂದೆಮುಂದೆ ಆಗುತ್ತೆ. ನಿನ್ನ ಹತ್ರ ಪ್ಯಾಡ್ ಹೇಗೆ ಇತ್ತು ಅಂದೆ, ಯಾವಾಗ್ಲೂ ಎರಡು ಇರುತ್ತೆ, ಒಂದು ನಂಗೆ, ಒಂದು ಯಾರಿಗಾದ್ರೂ, ಅವತ್ತು ನಂಗೆ ಯಾರೂ ಇರ್ಲಿಲ್ಲವಲ್ಲ — ಅವತ್ತು ನಾನಿದ್ದೆ, ನಲ್ಲಿಯ ನೀರು ಕೈಯಿಂದ ತಿಳಿಗೆಂಪಾಗಿ ಇಳಿಯಿತು, ಲಕ್ಷ ಮಾತಿನ ಬಾಯಿಗೆ ಕ್ಷಮಿಸು ಎಂಬ ಒಂದು ಮಾತು ಬರಲಿಲ್ಲ, ತರಗತಿಗೆ ಹೋಗಿ ಎಲ್ಲರೆದುರು ಹೇಳಿಬಿಡುತ್ತೇನೆ, ನಾನು ಹೇಳಿದ್ದೆಲ್ಲ ಸುಳ್ಳು ಎಂದು, ಕಿಟಕಿಗಳು ನಡುಗುವ ಹಾಗೆ ಹೇಳುತ್ತೇನೆ.

ಬೆಲ್ ಆಗಿದೆ, ಮೇಷ್ಟ್ರು ಹೋಗಿದ್ದಾರೆ, ನಮ್ಮ ಬೆಂಚಿನ ಸುತ್ತ ಗುಂಪು, ಹಲಗೆಯ ಮೇಲೆ ಒಂದು ಕಲೆ, ಉಗುರಿನಷ್ಟು, ಉಗುರಿನಷ್ಟೇ, ಹಿಂದಿನ ಬೆಂಚಿನ ಉದ್ದ ಜಡೆಯವಳು ಮೂಗು ಮುಚ್ಚಿಕೊಂಡಿದ್ದಾಳೆ, ನೋಡ್ರೇ, ಕೆಂಪು ಬೆಂಚು ಮತ್ತೆ ಶುರು ಮಾಡಿದ್ಲು, ಪಾಪ ಬುರುಡೆಗೆ ಅದನ್ನ ನೋಡಿನೇ ವಾಂತಿ ಬಂದಿರ್ಬೇಕು, ಅಲ್ವೇನೇ ಬುರುಡೆ — ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ, ನನ್ನ ಪಕ್ಕದಲ್ಲಿ ನಿಂತ ಅವಳೂ ನೋಡಿದಳು, ಒಂದೇ ಸಲ, ಹೇಳಬೇಕಾದದ್ದು ಒಂದೇ ಮಾತು, ನನ್ನದು, ಬಾಯಿ ತೆರೆದೆ, ಫ್ಯಾನು ಟಕ್ ಎಂದಿತು, ಸ್ವೆಟರಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡೆ, ಅವಳು ನನ್ನಿಂದ ಕಣ್ಣು ಸರಿಸಿದಳು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು, ಬಿಳಿ ಕರವಸ್ತ್ರ ಒದ್ದೆ ಮಾಡಿದಳು, ಬಗ್ಗಿದಳು, ಕರವಸ್ತ್ರ ಹಲಗೆಯ ಮೇಲೆ ಹೋಗುತ್ತದೆ, ಬರುತ್ತದೆ, ಕಲೆ ಹೋದ ಮೇಲೂ ಹೋಗುತ್ತದೆ, ಬರುತ್ತದೆ, ಬಿಳಿ ಕರವಸ್ತ್ರ, ಹೋಗುತ್ತದೆ —